ಬೆರಕೆಯಿಲ್ಲದ ಮದ್ದು

ಹಲ್ಲು ನೋವು ಬಂದಾಗ ಮನುಷ್ಯರ ನಿಜಬಣ್ಣ ಬಯಲಾಗುತ್ತದೆ. ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ, ಕೊಬ್ಬರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಡಾಕ್ಟರ್ ದಾಕ್ಷಾಯಿಣಿ ಎಂಥೆಂಥವರನ್ನೋ ಕಂಡಿದ್ದಳು. ಪೇಟೆಯಲ್ಲಿ ಎಲ್ಲರನ್ನೂ ಗದರಿಸಿಕೊಂಡು ಓಡಾಡುವ ಗಂಡಸರು ಅವಳ ಕುರ್ಚಿಯಲ್ಲಿ ಕೂತು ಅವ್ವನನ್ನು ನೆನೆಯುತ್ತಿದ್ದರು. ಸೂಜಿ ಕಂಡ ತಕ್ಷಣ ಚಪ್ಪಲಿ ಬಿಟ್ಟು ಮೆಟ್ಟಿಲಿಳಿದು ಓಡಿದವರೂ ಇದ್ದರು. ಹಾಗಾಗಿ ಶ್ರೀರಾಂಪುರದ ಕಡೆಯ ತಿಮ್ಮರಾಯಪ್ಪ ಮೊದಲ ಸಲ ಬಂದು, ಒಂದು ಮಾತೂ ಆಡದೆ ಕೂತು ಬಾಯಿ ತೆರೆದಾಗ ಅವಳಿಗೆ ಆಶ್ಚರ್ಯವೇ ಆಯಿತು. ಕೆಳಗಿನ ಎಡದವಡೆಯ ಹಲ್ಲು ಬುಡದವರೆಗೂ ಹುಳುಕಾಗಿತ್ತು, ಸುತ್ತ ಕೀವು ಕಟ್ಟಿತ್ತು. ಅದನ್ನು ಇಟ್ಟುಕೊಂಡು ರಾತ್ರಿ ಹೇಗೆ ಮಲಗುತ್ತೀರಿ ಎಂದು ಕೇಳಿದರೆ ಮುದುಕ ಬರೀ ನಕ್ಕ.

ಜೊತೆಗೆ ಬಂದಿದ್ದವರು ಹೆಂಡತಿ ಬರಗೇರಮ್ಮ ಮತ್ತು ಮಗ ಬೀರೇಶ. ತಿಮ್ಮರಾಯಪ್ಪ ಜೀವಮಾನವೆಲ್ಲ ಕುರಿ ಕಾಯ್ದವನು. ಹೋದ ವರ್ಷ ಎದೆನೋವು ಬಂದು ಜಿಲ್ಲಾಕೇಂದ್ರವಾದ ದುರ್ಗದ ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಮಗ ಅವನನ್ನು ಮಂದೆಯಿಂದ ಬಿಡಿಸಿ ಮನೆಯಲ್ಲಿ ಕೂರಿಸಿದ್ದ. ಬಿ.ಪಿ. ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ನಾಡಿಬಡಿತ ಹದ್ದುಬಸ್ತಿನಲ್ಲಿಡುವ ಮಾತ್ರೆ, ಹೀಗೆ ಒಂದು ಚೀಲದ ತುಂಬ ಮಾತ್ರೆಗಳು. ಚೀಲವನ್ನು ಬರಗೇರಮ್ಮ ಎದೆಗೊತ್ತಿಕೊಂಡು ಕೂತಿದ್ದಳು.

ದಾಕ್ಷಾಯಿಣಿ ಮೊದಲು ಕೀವಿಗೆ ಮಾತ್ರೆ ಕೊಟ್ಟು, ಊತ ಇಳಿದ ಮೇಲೆ ಬನ್ನಿ, ಹಲ್ಲು ಕೀಳೋಣ ಎಂದಳು. "ಯಾವ ಮಾತ್ರೇನೂ ನಿಲ್ಲಿಸಬ್ಯಾಡ್ರಿ" ಎಂದು ಎರಡೆರಡು ಸಲ ಹೇಳಿ ಕಳಿಸಿದಳು. ಊತ ಇಳಿಯಿತು. ಅವರು ಮತ್ತೆ ಬಂದರು. ತೊಂದರೆ ಶುರುವಾದದ್ದು ಆಗ.

"ಮೇಡಂ, ಒಂದು ಮಾತು" ಎಂದು ಬೀರೇಶ ಫೋನು ಮುಂದೆ ಹಿಡಿದ. "ಇದನ್ನ ನೋಡ್ರಿ. ಹಲ್ಲಿಗೆ ಹಾಕೋ ಇಂಜೆಕ್ಷನ್‌ನಾಗೆ ಅದೇನೋ ಅಡ್ರಿನಲಿನ್ ಅಂತ ಬೆರಕೆ ಮಾಡಿರ್ತಾರಂತೆ. ಅದು ಹೃದಯಕ್ಕೆ ಆಗಿಬರಲ್ವಂತೆ. ಬಿ.ಪಿ. ಇರೋ ಮನುಷ್ಯ ಕುಂತಲ್ಲೇ ಹೋದ್ನಂತೆ."

ಯಾರೋ ಕಳಿಸಿದ ವಿಡಿಯೋ. ಯಾವ ಊರು, ಯಾವ ಡಾಕ್ಟರು, ಎಷ್ಟು ಔಷಧಿ ಎಂಬ ಸುಳಿವಿಲ್ಲ. ಒಬ್ಬಾತ ಕ್ಯಾಮೆರಾಕ್ಕೆ ಬೆರಳು ತೋರಿಸಿ ಹೆದರಿಸುತ್ತಿದ್ದ, ಅಷ್ಟೇ. ಇಂಥವರಿಗೆ ಕೆಲಸವಿಲ್ಲದಿದ್ದರೂ ಕೇಳುವವರಿಗೆ ಕೊರತೆಯಿಲ್ಲ.

ದಾಕ್ಷಾಯಿಣಿ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಹಲ್ಲು ಮರಗಟ್ಟಿಸುವ ಮದ್ದು ಲಿಗ್ನೊಕೇನ್. ಅದಕ್ಕೆ ಒಂದು ಕೆಟ್ಟ ಗುಣವಿದೆ, ರಕ್ತನಾಳಗಳನ್ನು ಹಿಗ್ಗಿಸಿಬಿಡುತ್ತದೆ. ಹಿಗ್ಗಿದ ನಾಳದಲ್ಲಿ ರಕ್ತ ಜೋರಾಗಿ ಹರಿದು ಮದ್ದನ್ನೇ ಹೊತ್ತುಕೊಂಡು ಹೋಗುತ್ತದೆ, ಜೋಮು ಬೇಗ ಇಳಿಯುತ್ತದೆ. ಅದಕ್ಕೇ ಚೂರು ಅಡ್ರಿನಲಿನ್ ಸೇರಿಸಿರುತ್ತಾರೆ. ಅದು ನಾಳಗಳನ್ನು ಕುಗ್ಗಿಸಿ ಮದ್ದು ಹಾಕಿದ ಜಾಗದಲ್ಲೇ ನಿಲ್ಲುವಂತೆ ಮಾಡುತ್ತದೆ, ರಕ್ತವೂ ಕಮ್ಮಿ ಬರುತ್ತದೆ.

"ಎಷ್ಟು ಅನ್ನೋದು ಮುಖ್ಯ ಕಣಪ್ಪ. ಗಟ್ಟಿಮುಟ್ಟಾದೋರಿಗೆ ಜಾಸ್ತಿ ಕೊಡಬೌದು. ಹೃದಯದ ತೊಂದ್ರೆ ಇರೋರಿಗೆ ಒಂದು ಸಲಕ್ಕೆ ನಲವತ್ತು ಮೈಕ್ರೋಗ್ರಾಂ ದಾಟಬಾರದು. ನಮ್ಮ ಬಾಟಲಿ ಮದ್ದಿನಾಗೆ ಒಂದು ಎಂ.ಎಲ್.ಗೆ ಹನ್ನೆರಡೂವರೆ ಐತೆ. ನಿಮ್ಮಪ್ಪಂಗೆ ನಾನು ಹಾಕೋದು ಎರಡು ಎಂ.ಎಲ್. ಅಂದ್ರೆ ಇಪ್ಪತ್ತೈದು. ಸೂಜಿ ರಕ್ತನಾಳದೊಳಗೆ ಹೋಗಿಲ್ಲ ಅಂತ ಎಳೆದು ನೋಡಿ, ನಿಧಾನಕ್ಕೆ ಬಿಡ್ತೀನಿ. ಹೆದರಬ್ಯಾಡ."

ಬೀರೇಶನ ಮುಖ ಬದಲಾಗಲಿಲ್ಲ. ಅಪ್ಪನ ವಿಷಯದಲ್ಲಿ ಅವನಿಗೆ ಲೆಕ್ಕ ಬೇಕಾಗಿರಲಿಲ್ಲ. ಆಸ್ಪತ್ರೆಯ ಗಾಜಿನ ಬಾಗಿಲಾಚೆ ಒಂದು ರಾತ್ರಿ ಕೂತು ಬಂದವನಿಗೆ ಲೆಕ್ಕ ಹೇಳಿ ಧೈರ್ಯ ತುಂಬುವುದು ಸುಲಭವಲ್ಲ. "ಆ ಬೆರಕೆ ಮದ್ದು ಬ್ಯಾಡ ಮೇಡಂ. ಬೇಕಾರೆ ಹಾರ್ಟಿನ ಡಾಕ್ಟರನ್ನೇ ಕೇಳ್ರಿ" ಎಂದ.

ಕೇಳುವುದು ಸರಿಯೇ. ದಾಕ್ಷಾಯಿಣಿ ದುರ್ಗಕ್ಕೆ ಫೋನು ಮಾಡಿದಳು. ತಿಮ್ಮರಾಯಪ್ಪನನ್ನು ನೋಡುತ್ತಿದ್ದ ಡಾಕ್ಟರ್ ಪ್ರಭುಲಿಂಗ ಹಿರಿಯರು, ಒಳ್ಳೆಯವರು, ಬಿಡುವಿಲ್ಲದವರು. ಅವಳು ಬಿ.ಪಿ. ಹೇಳಿದಳು: ನೂರೈವತ್ತು, ತೊಂಬತ್ತು. ಸ್ಟೆಂಟ್ ಆಗಿ ಹತ್ತು ತಿಂಗಳ ಮೇಲಾಗಿದೆ, ಆಮೇಲೆ ಎದೆನೋವಿಲ್ಲ ಎಂದಳು. ತಾನು ಕೊಡಬೇಕೆಂದಿರುವ ಪ್ರಮಾಣವನ್ನೂ ಹೇಳಿದಳು.

"ಲೆಕ್ಕ ಸರಿ ಇರಬಹುದಮ್ಮ" ಎಂದರು ಅವರು. "ಆದರೆ ಯಾಕೆ ಬೇಕು ಹೇಳು? ಅದಿಲ್ಲದ್ದೂ ಸಿಗುತ್ತಲ್ಲ. ಪ್ಲೇನ್ ಹಾಕಿ ಕಿತ್ತುಬಿಡು. ನಾಳೆ ಏನಾದರೂ ಆದರೆ ಜನ ನಿನ್ನನ್ನ ಸುಮ್ಮನೆ ಬಿಡ್ತಾರಾ? ನನ್ನನ್ನ ಬಿಡ್ತಾರಾ?"

"ಸರ್, ಪ್ಲೇನ್ ಹಾಕಿದ್ರೆ ಜೋಮು ಸಾಲಲ್ಲ. ಹಲ್ಲು ಗಟ್ಟಿಯಾಗಿದೆ. ನೋವಾದ್ರೆ ಮೈಯೇ ಅಡ್ರಿನಲಿನ್..."

"ನೋವಾದರೆ ಇನ್ನೊಂದು ಸಲ ಚುಚ್ಚು. ಅಡ್ರಿನಲಿನ್ ಬೇಡ. ಆಯ್ತಾ?" ಫೋನು ಇಟ್ಟರು.

ಅವಳ ಮಾತು ಅರ್ಧಕ್ಕೇ ನಿಂತಿತು. ಹೇಳಬೇಕೆಂದಿದ್ದುದು ಇಷ್ಟು: ನೋವು, ಭಯ ಹೆಚ್ಚಾದಾಗ ಮನುಷ್ಯನ ಮೈಯೊಳಗಿನ ಗ್ರಂಥಿಗಳೇ ಅಡ್ರಿನಲಿನ್ ಸುರಿಯುತ್ತವೆ. ಅದರ ಮುಂದೆ ಸೂಜಿಯಲ್ಲಿರುವ ಇಪ್ಪತ್ತೈದು ಮೈಕ್ರೋಗ್ರಾಂ ಏನೇನೂ ಅಲ್ಲ. ಹೃದಯದ ರೋಗಿಗೆ ನೋವೇ ಆಗದ ಹಾಗೆ ನೋಡಿಕೊಳ್ಳುವುದು ಮೊದಲ ಕೆಲಸ. ಇದು ದಾವಣಗೆರೆಯ ಕಾಲೇಜಿನಲ್ಲಿ ಅವಳಿಗೆ ಬಾಯಿಪಾಠವಾಗಿದ್ದ ಸಂಗತಿ. ಮತ್ತೆ ಫೋನು ಮಾಡಬಹುದಿತ್ತು. ಎರಡು ದಿನ ಬಿಟ್ಟು ಬನ್ನಿ ಎನ್ನಬಹುದಿತ್ತು. ದೊಡ್ಡ ಆಸ್ಪತ್ರೆಗೆ ಬರೆದುಕೊಡಬಹುದಿತ್ತು.

ಅವಳು ಇದ್ಯಾವುದನ್ನೂ ಮಾಡಲಿಲ್ಲ. ಯಾಕೆಂದರೆ ಫೋನು ಇಟ್ಟ ಮೇಲೆ ಅವಳಿಗೆ ಒಳಗೊಳಗೇ ಸಮಾಧಾನವಾಗಿತ್ತು. ಹಿರಿಯರು ಬೇಡ ಎಂದಿದ್ದಾರೆ, ಮಗ ಬೇಡ ಎಂದಿದ್ದಾನೆ. ಇನ್ನು ಏನೇ ಆದರೂ ತನ್ನ ತಲೆಗೆ ಬರುವುದಿಲ್ಲ. ಕಪಾಟಿನಲ್ಲಿ ಎರಡು ಬಾಟಲಿಗಳು ಅಕ್ಕಪಕ್ಕ ಇದ್ದವು. ಅವಳು ಬೆರಕೆಯಿಲ್ಲದ್ದನ್ನು ತೆಗೆದುಕೊಂಡಳು. ಸಹಾಯಕಿ ಶೋಭಾರಾಣಿ ಒಮ್ಮೆ ಬಾಟಲಿ ನೋಡಿ, ಒಮ್ಮೆ ಅವಳ ಮುಖ ನೋಡಿ ಸಿರಿಂಜ್ ಕೊಟ್ಟಳು.

"ಯಜಮಾನ್ರೇ, ನೋವಾದ್ರೆ ಎಡಗೈ ಎತ್ತಬೇಕು. ನಾನು ತಕ್ಷಣ ನಿಲ್ಲಿಸ್ತೀನಿ. ಗೊತ್ತಾಯ್ತಾ?"

"ಹ್ಞೂಂ ತಾಯಿ" ಎಂದ ತಿಮ್ಮರಾಯಪ್ಪ. ಬೆರಳಿಗೆ ನಾಡಿ ನೋಡುವ ಕ್ಲಿಪ್ ಸಿಕ್ಕಿಸಿದಳು. ಮದ್ದು ಹಾಕಿದಳು. ತುಟಿ ದಪ್ಪಗಾಯ್ತಾ ಎಂದರೆ ಆಯ್ತು ಎಂದ.

ಮೊದಲೆಲ್ಲ ಸಲೀಸಾಗಿಯೇ ನಡೆಯಿತು. ಆಮೇಲೆ ಹಲ್ಲಿನ ತಲೆ ಪುಡಿಯಾಗಿ ಬಂತು. ಬೇರು ಕೊಕ್ಕೆಯ ಹಾಗೆ ಬಾಗಿ ಮೂಳೆಯೊಳಗೆ ಕಚ್ಚಿಕೊಂಡಿತ್ತು. ರಕ್ತ ನಿಲ್ಲುತ್ತಿರಲಿಲ್ಲ. ತಡೆಯುವ ಬೆರಕೆಯೂ ಇರಲಿಲ್ಲ, ಅದರ ಮೇಲೆ ಮಾತ್ರೆಗಳು ಬೇರೆ ರಕ್ತವನ್ನು ತೆಳುಮಾಡಿದ್ದವು. ಶೋಭಾರಾಣಿ ರಕ್ತ ಹೀರುತ್ತಿದ್ದಂತೆಯೇ ಗುಂಡಿ ಮತ್ತೆ ತುಂಬುತ್ತಿತ್ತು. ಬೇರು ಕಾಣದೆ ದಾಕ್ಷಾಯಿಣಿ ತಡಕಾಡಿದಳು. ಐದು ನಿಮಿಷದ ಕೆಲಸ ಅರ್ಧ ಗಂಟೆಗೆ ಎಳೆಯಿತು. ಜೋಮು ಇಳಿದಿರಬೇಕು ಎಂದು ಅವಳೇ ಇನ್ನೊಂದು ಸಲ, ಮತ್ತೊಂದು ಸಲ ಅದೇ ಬೆರಕೆಯಿಲ್ಲದ ಮದ್ದು ಹಾಕಿದಳು. ಕೀವು ಕಟ್ಟಿ ಕೆರಳಿದ್ದ ಜಾಗದಲ್ಲಿ ಅದು ಹಿಡಿಯಲೇ ಇಲ್ಲ.

"ನೋವಾಗ್ತೈತಾ ಯಜಮಾನ್ರೇ?"

ಮುದುಕ ಇಲ್ಲವೆಂದು ತಲೆಯಾಡಿಸಿದ. ಎಡಗೈ ತೊಡೆಯ ಮೇಲೆ ಇಟ್ಟಲ್ಲೇ ಇತ್ತು. ನಾಡಿ ಎಂಬತ್ತೆರಡು ತೋರಿಸುತ್ತಿತ್ತು. ನಾಡಿ ಹೆಚ್ಚಿಲ್ಲ, ಅಂದರೆ ನೋವಿಲ್ಲ ಎಂದು ಅವಳು ಅಂದುಕೊಂಡಳು. ನಾಡಿಬಡಿತ ಹಿಡಿದಿಡುವ ಮಾತ್ರೆಯನ್ನು ಬೆಳಿಗ್ಗೆ ತಪ್ಪದೆ ನುಂಗಿ ಬಂದ ಮನುಷ್ಯನ ನಾಡಿ ನೋವಾದರೂ ಹೆಚ್ಚು ಏರುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲಿಲ್ಲ. ನಡುವೆ ಒಮ್ಮೆ ಬಿ.ಪಿ. ನೋಡಬೇಕಿತ್ತು. ಕೈಯೆಲ್ಲ ರಕ್ತ, ಬೇರು ಇನ್ನೇನು ಬಂದೇಬಿಡುವ ಹಾಗಿತ್ತು, ನೋಡಲಿಲ್ಲ. ಅವನ ಹಣೆಯ ಬೆವರು ದೀಪದ ಬಿಸಿಗೆ ಬಂದದ್ದೆಂದುಕೊಂಡು ಶೋಭಾರಾಣಿ ಒರೆಸಿದಳು.

ಬೇರು ಬಂತು. ಗುಂಡಿಗೆ ಹತ್ತಿ ಒತ್ತಿ, "ಆಯ್ತು, ಮುಗೀತು" ಎಂದು ದಾಕ್ಷಾಯಿಣಿ ಉಸಿರು ಬಿಟ್ಟಳು. ತಿಮ್ಮರಾಯಪ್ಪ ಏಳಲಿಲ್ಲ. ಬಲಗೈಯನ್ನು ಎದೆಯ ಮೇಲೆ ಇಟ್ಟುಕೊಂಡಿದ್ದ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಓಡಿಹೋಗಿ ಬಿ.ಪಿ. ಪಟ್ಟಿ ಕಟ್ಟಿದರೆ ಇನ್ನೂರ ಹತ್ತು, ನೂರ ಹದಿನೈದು.

ಆಮೇಲೆ ಅವಳು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಕುರ್ಚಿ ಎತ್ತಿ ಒರಗಿ ಕೂರಿಸಿದಳು. ಹಲ್ಲಿನ ಬದಿ ಬಿಟ್ಟು ನಾಲಿಗೆಯ ಕೆಳಗೆ ಎದೆನೋವಿನ ಸಾರ್ಬಿಟ್ರೇಟ್ ಮಾತ್ರೆ ಇಟ್ಟಳು, ಆಸ್ಪಿರಿನ್ ಅಗಿಸಿದಳು, ಆಕ್ಸಿಜನ್ ಹಚ್ಚಿದಳು. ಶೋಭಾರಾಣಿ ಆಂಬುಲೆನ್ಸ್ ಕರೆದಳು. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ಹೃದಯಾಘಾತ, ಕೂಡಲೇ ದುರ್ಗಕ್ಕೆ ಒಯ್ಯಿರಿ ಎಂದರು. ಅವಳೂ ಆಂಬುಲೆನ್ಸ್ ಹತ್ತಿದಳು. ಬೀರೇಶ ಅಪ್ಪನ ಪಾದ ಹಿಡಿದು ಕೂತಿದ್ದ. ತಿಮ್ಮರಾಯಪ್ಪನಿಗೆ ಆಗಲೂ ಎಚ್ಚರವಿತ್ತು. ಬಾಯೊಳಗೆ ಹತ್ತಿ ಇದ್ದುದರಿಂದ ಮಾತು ಸರಿಯಾಗಿ ಬರುತ್ತಿರಲಿಲ್ಲ. "ಹಲ್ಲು ಬಂತಲ್ಲ ತಾಯಿ" ಎಂದ. ಅವಳನ್ನು ಸಮಾಧಾನ ಮಾಡುವವನ ಹಾಗೆ ಅಂದ. ಹೊಳಲ್ಕೆರೆ ದಾಟಿದ ಮೇಲೆ ಅವನ ಹೃದಯ ನಿಂತಿತು. ದುರ್ಗ ಬರುವವರೆಗೂ ಅವಳೂ ಆಂಬುಲೆನ್ಸಿನವನೂ ಸರದಿಯ ಮೇಲೆ ಎದೆ ಒತ್ತಿದರು. ಬದುಕಲಿಲ್ಲ.

ಊರಿನಲ್ಲಿ ಮಾತು ಹಬ್ಬಲು ಹೊತ್ತೇನೂ ಬೇಕಾಗಲಿಲ್ಲ. ಆದರೆ ಕಲ್ಲು ತೂರಲು ಯಾರೂ ಬರಲಿಲ್ಲ, ಕೇಸು ಹಾಕಲಿಲ್ಲ. ಬೀರೇಶನೇ ಎಲ್ಲರ ಬಾಯಿ ಮುಚ್ಚಿಸಿದ್ದ. "ಮೇಡಂ ನಾವು ಹೇಳ್ದಂಗೇ ಮಾಡಿದ್ರು. ಆ ಬೆರಕೆ ಮದ್ದು ಮುಟ್ಲಿಲ್ಲ. ನಮ್ಮಪ್ಪನ ಆಯಸ್ಸು ಅಷ್ಟೇ ಇತ್ತು" ಎಂದು ಊರಿನವರೆದುರು ಹೇಳಿದನಂತೆ. ಪ್ರಭುಲಿಂಗ ಅವರೂ ಫೋನು ಮಾಡಿ, "ಸದ್ಯ, ಪ್ಲೇನೇ ಹಾಕಿದ್ದೆಯಲ್ಲ. ಇಲ್ಲದಿದ್ದರೆ ನಮ್ಮಿಬ್ಬರ ಮೇಲೂ ಬರ್ತಿತ್ತು" ಎಂದರು. ಪಾಪ, ಧೈರ್ಯ ಹೇಳಲೆಂದೇ ಅಂದದ್ದು. ದಾಕ್ಷಾಯಿಣಿ ಫೋನು ಇಟ್ಟು, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಆ ಮುದುಕನ ಹೃದಯ ಹೇಗೂ ಹಾಳಾಗಿತ್ತು, ಬೆರಕೆ ಮದ್ದು ಹಾಕಿದ್ದರೂ ಹೀಗೇ ಆಗುತ್ತಿತ್ತೋ ಏನೋ. ಇದರಿಂದಲೇ ಹೋದ ಎಂದು ಯಾವ ಡಾಕ್ಟರೂ ಆಣೆಯಿಟ್ಟು ಹೇಳಲಾರ. ಇದನ್ನೆಲ್ಲ ತನಗೆ ತಾನೇ ಹೇಳಿಕೊಂಡಳು. ಆದರೂ ಅರ್ಧ ಗಂಟೆ ಒಬ್ಬ ಮನುಷ್ಯ ತನ್ನ ಕೈ ಕೆಳಗೆ ನೋವು ತಿಂದನೋ ಇಲ್ಲವೋ ಎಂಬುದು ತನಗೆ ಗೊತ್ತಿಲ್ಲವಲ್ಲ ಎಂಬ ಸಂಕಟ ಮಾತ್ರ ಹೋಗಲಿಲ್ಲ. ಕಡೆಗೆ ಒಂದು ಮಧ್ಯಾಹ್ನ ಕ್ಲಿನಿಕ್ ಮುಚ್ಚಿ, ಸ್ಕೂಟರ್ ಹತ್ತಿ ಶ್ರೀರಾಂಪುರದ ದಾರಿ ಹಿಡಿದಳು.

ಊರ ಹೊರಗೆ ಮನೆ. ಮುಂದೆ ಜಾಲಿಮುಳ್ಳಿನ ಬೇಲಿ ಹಾಕಿದ ಕುರಿಹಟ್ಟಿ. ದೊಡ್ಡ ಕುರಿಗಳು ಮೇಯಲು ಹೋಗಿದ್ದವು, ಮರಿಗಳು ಮಾತ್ರ ಒಳಗೆ ಅರಚುತ್ತಿದ್ದವು. ಬರಗೇರಮ್ಮ ಕಟ್ಟೆಯ ಮೇಲೆ ಕಂಬಳಿ ಹಾಸಿ, "ಬರ್ರಿ ಮೇಡಮ್ಮ, ಕುಂತ್ಕಳ್ರಿ" ಎಂದಳು. ಬೀರೇಶ ಒಳಗಿಂದ ಬಂದು ನಿಂತ. ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು. ತಪ್ಪು ಮಾಡಿದವಳನ್ನು ಯಾರಾದರೂ ಹೀಗೆ ಉಪಚರಿಸುತ್ತಾರಾ ಎಂದು ದಾಕ್ಷಾಯಿಣಿಗೆ ನಾಚಿಕೆಯಾಯಿತು.

"ನೀವು ಬಂದಿದ್ದು ಒಳ್ಳೇದಾಯ್ತು" ಎಂದಳು ಬರಗೇರಮ್ಮ. "ಒಂದು ಕೇಳಬೇಕಿತ್ತು. ಈ ಹುಡುಗನ್ನ ಕೇಳಿದ್ರೆ ಹೇಳಲ್ಲ. ಆ ಯಪ್ಪಂಗೆ ಕಡೇಲಿ ನೋವಾಯ್ತಾ?"

"ಕೈ ಎತ್ತಿ ಅಂದಿದ್ದೆ ಅಮ್ಮ. ಎತ್ತಲಿಲ್ಲ. ಕೇಳಿದ್ರೆ ಇಲ್ಲ ಅಂದ್ರು."

ಬರಗೇರಮ್ಮ ಅವಳನ್ನೇ ನೋಡಿದಳು. ಸಿಟ್ಟಿರಲಿಲ್ಲ, ಒಂದು ಥರ ಅಚ್ಚರಿಯಿತ್ತು. "ಅಯ್ಯೋ, ಅವ್ರು ಎಲ್ಲಿ ಎತ್ತುತಾರೆ? ಮಂದೆ ಕಾಯೋರು ನೋವಿಗೆ ಕೂಗಂಗಿಲ್ಲ, ಕೈಕಾಲು ಬಡಿಯಂಗಿಲ್ಲ. ಒಬ್ಬ ಕಿರುಚಿದ್ರೆ ಕುರಿ ಬೆದರಿ ದಿಕ್ಕಾಪಾಲಾಗ್ತವೆ. ಜಾಲಿಮುಳ್ಳು ಪಾದದಾಗೆ ಈ ಕಡೆಯಿಂದ ಆ ಕಡೆ ಬಂದಿದ್ರೂ ಸುಮ್ನೆ ಕುಂತು ಕಿತ್ಕೊಂಡೋರು. ಎಳೇ ಹುಡುಗ ಇದ್ದಾಗಿಂದ ಹಂಗೇ ಕಲ್ಸಿರ್ತಾರೆ. ಹೋದ್ವರ್ಷ ಎದೆನೋವು ಬಂದಾಗ್ಲೂ ಒಂದು ಹಗಲು ಯಾರಿಗೂ ಹೇಳ್ಲಿಲ್ಲ. ನಮ್ಮನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ವಲ್ಲವ್ವ."

ಅವನಿಗೆ ನೋವಾಯಿತೋ ಇಲ್ಲವೋ ಎಂದು ಇಷ್ಟು ದಿನ ಒದ್ದಾಡಿದ್ದಕ್ಕೆ ದಾಕ್ಷಾಯಿಣಿಗೆ ಈಗ ಉತ್ತರ ಸಿಕ್ಕಿತು. ಅವನು ತೊಡೆಯ ಮೇಲಿಟ್ಟುಕೊಂಡಿದ್ದ ಕೈ ನಂಬಿ ಅವಳು ಅರ್ಧ ಗಂಟೆ ಮೂಳೆ ಕೆದಕಿದ್ದಳು.

"ಹೋಗ್ಲಿ ಬಿಡವ್ವ" ಎಂದ ಬೀರೇಶ, ತಾಯಿಗೆ. "ಮೇಡಂ ತಪ್ಪೇನೈತೆ? ಆ ಬೆರಕೆ ಮದ್ದು ಹಾಕಿಬಿಟ್ಟಿದ್ರೆ ಕುರ್ಚಿ ಮೇಲೇ ಹೋಗೋನು. ಹಾಕದೇ ಇದ್ದದ್ದಕ್ಕೆ ಹೊಳಲ್ಕೆರೆ ದಾಟೋವರ್ಗಾದ್ರೂ ಉಳಿದ. ನಾನು ಹಟ ಹಿಡಿದದ್ದು ಒಳ್ಳೇದಾಯ್ತು."

ಅವನ ದನಿಯಲ್ಲಿ ನಂಬಿಕೆ ತುಂಬಿತ್ತು. ಇದೊಂದು ಸಮಾಧಾನ ಹಿಡಿದುಕೊಂಡು ಅವನು ದಿನ ನೂಕುತ್ತಿದ್ದ. ನಿಜ ಹೇಳಿದರೆ ಆ ಸಮಾಧಾನ ಹೋಗುತ್ತದೆ. ಹೇಳದಿದ್ದರೆ ಈ ಮನೆಯ ಮಾತು ಊರಿಗೆಲ್ಲ ಹರಡುತ್ತದೆ. ಬಿ.ಪಿ. ಇರುವ ಇನ್ನೊಬ್ಬ, ಎದೆಯ ತೊಂದರೆಯಿರುವ ಮತ್ತೊಬ್ಬ, ಬೆರಕೆ ಮದ್ದು ಬೇಡವೆಂದು ಹಟ ಹಿಡಿದು ಇದೇ ಥರ ನೋವು ತಿನ್ನುತ್ತಾರೆ. ಸುಮ್ಮನೆ ಎದ್ದು ಹೋಗಿಬಿಡಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ, ಮಜ್ಜಿಗೆ ಕುಡಿದು ಹೋದಳೆಂದು ಒಳ್ಳೆಯ ಮಾತೇ ಆಡುತ್ತಿದ್ದರು.

"ಬೀರೇಶ, ಕುಂತ್ಕೋ" ಎಂದಳು. ಅವನು ಕೂತ.

"ಅದು ಹಾಕಬೇಕಿತ್ತು. ನಿಮ್ಮಪ್ಪಂಗೆ ಎಷ್ಟು ಹಾಕಬೌದೋ ಅಷ್ಟು ಹಾಕಿದ್ರೆ ನೋವು ಗೊತ್ತಾಗ್ತಿರಲಿಲ್ಲ, ಇಷ್ಟು ರಕ್ತಾನೂ ಬರ್ತಿರಲಿಲ್ಲ, ಕೆಲಸ ಬೇಗ ಮುಗೀತಿತ್ತು. ನೋವು ತಡ್ಕೊಂಡು ತಡ್ಕೊಂಡು ಅವರ ಬಿ.ಪಿ. ಏರಿತು. ಅದ್ರಿಂದಲೇ ಹೋದ್ರು ಅಂತ ನಾನು ಖಂಡಿತ ಹೇಳಲಾರೆ. ಅದ್ರಿಂದ ಅಲ್ಲ ಅಂತಾನೂ ಹೇಳಲಾರೆ."

"ನಾನು ಬ್ಯಾಡ ಅಂದೆ" ಎಂದ ಬೀರೇಶ. ಮತ್ತೆ, "ನಾನೇ ಬ್ಯಾಡ ಅಂದೆ ಅಲ್ಲೇನ್ರಿ?"

"ನೀನು ಹೇಳಿದ್ದಕ್ಕೆ ಅಲ್ಲ ಕಣಪ್ಪ" ಎಂದಳು ದಾಕ್ಷಾಯಿಣಿ. "ನಿಂಗೆ ಗೊತ್ತಿರಲಿಲ್ಲ. ನೀನು ಮಗ, ನೀನು ಹೆದರಬೇಕಾದ್ದೇ. ನಂಗೆ ಗೊತ್ತಿತ್ತು. ಓದಿದೋಳು ನಾನು, ಸೂಜಿ ಹಿಡಿದೋಳು ನಾನು. ದುರ್ಗದ ಡಾಕ್ಟ್ರೂ ಬ್ಯಾಡ ಅಂದ್ರು ಅಂತ ಬಚಾವಾಗೋಕೆ ನೋಡಿದೆ. ಈ ಪಾಪ ನಿಂದಲ್ಲ. ಇದನ್ನ ಹೇಳೋಕೇ ಬಂದಿದ್ದು."

ಬೀರೇಶ ಕೇಳಿಸಿಕೊಂಡಂತೆ ಕಾಣಲಿಲ್ಲ. ಮೊಣಕಾಲಿಗೆ ಹಣೆ ಒತ್ತಿಕೊಂಡು ಅಳತೊಡಗಿದ. ಅವನು ಅತ್ತದ್ದು ದೊಡ್ಡ ದನಿಯಲ್ಲಿ. ಹಟ್ಟಿಯೊಳಗಿನ ಮರಿಗಳು ಬೆದರಿ ಬೇಲಿಯ ಆಚೆ ಮೂಲೆಗೆ ಹೋಗಿ ಒತ್ತಿಕೊಂಡವು. ಹೇಳಿದ್ದು ಸರಿಯೋ ತಪ್ಪೋ ದಾಕ್ಷಾಯಿಣಿಗೇ ತಿಳಿಯದಾಯಿತು.

ಬರಗೇರಮ್ಮ ಮಗನ ಬೆನ್ನ ಮೇಲೆ ಕೈಯಿಟ್ಟು ಸವರಿದಳು. ಡಾಕ್ಟರಮ್ಮನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಕಡೆಗೆ ಮರಿಗಳ ಕಡೆ ನೋಡುತ್ತ ಹೇಳಿದಳು:

"ಇವ್ನು ಹೆದ್ರಿದ. ದುರ್ಗದ ಡಾಕ್ಟ್ರು ಹೆದ್ರಿದ್ರು. ನೀನೂ ಹೆದ್ರಿದೆ. ಹೆದರ್ದೇ ಕುಂತಿದ್ದೋರು ಆ ಯಪ್ಪ ಒಬ್ರೇ. ಅವ್ರೇ ಹೋದ್ರು ನೋಡವ್ವ."